ಅಕ್ಕನನ್ನು ಕೇಳದೆ ಮಾರಹೊರಟ ಅರ್ಧ ಮನೆ

ಶಹಾಪುರದ ಆ ಮನೆಯನ್ನು ಅಪ್ಪ ತಮ್ಮ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದರು. ಅವರು ತೀರಿಕೊಂಡ ಮೇಲೆ ಅರ್ಧ ನನ್ನದು, ಅರ್ಧ ಅಕ್ಕನದು. ಶಾಲೆಯಲ್ಲಿ ಟೀಚರಾಗಿದ್ದ ಅಕ್ಕ ಅಲ್ಲಿಯೇ ಇದ್ದಳು. ನಾನು ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲೊಂದು ಮನೆ ಕಟ್ಟುವ ಆಸೆಗೆ ಬಿದ್ದು, ನನ್ನ ಪಾಲನ್ನು ಸುರಪುರದ ವ್ಯಾಪಾರಿಯೊಬ್ಬರಿಗೆ ಮಾರಲು ಒಪ್ಪಿದೆ. ಅವರಿಗೆ ಗೊಬ್ಬರದ ಗೋದಾಮು ಬೇಕಿತ್ತು. ಅಕ್ಕನಿಗೆ ಹೇಳಲಿಲ್ಲ.

ನೋಂದಣಿ ಕಚೇರಿಯ ಎದುರು ಆಸ್ತಿಪತ್ರ ಬರೆಯುವ ಮುದುಕರೊಬ್ಬರಿದ್ದರು. ಎಲ್ಲರಿಗೂ ಅವರು ಚಾಚಾ. ವ್ಯಾಪಾರಿಯೂ ನಾನೂ ಅವರ ಮುಂದೆ ಕೂತೆವು. ಕಾಗದ ಬಿಡಿಸುತ್ತಲೇ ಕೇಳಿದರು.

"ಅಪ್ಪ ವಿಲ್ ಬರದಿಟ್ಟಾರೇನು?"

"ಇಲ್ರಿ ಚಾಚಾ."

"ವಾರಸುದಾರ್ರು ಯಾರ್ಯಾರು?"

"ಅಕ್ಕ, ನಾನು. ಅವ್ವ ಅಪ್ಪಗಿಂತ ಮೊದಲ ಹೋಗ್ಯಾಳ."

"ಅಕ್ಕಗ ಕೇಳೀರೇನು?"

ನಾನು ವ್ಯಾಪಾರಿಯ ಕಡೆ ನೋಡಿದೆ.

"ನಾ ಬರದು ಕೊಡ್ತೀನಿ, ರಿಜಿಸ್ಟರೂ ಆಗ್ತದ. ಆದ್ರ ಹೊರಗಿನವ್ರಿಗಿಂತ ಮೊದಲ ತಗೊಳ್ಳೋ ಹಕ್ಕ ಆಕೀದು. ನಾಳೆ ಆಕಿ ಕೋರ್ಟಿಗೆ ಹೋದ್ರ ಈ ಸಾಹುಕಾರ್ರೂ ಸಿಕ್ಕೊಂತಾರ, ನೀವೂ ಸಿಕ್ಕೊಂತೀರಿ."

ವ್ಯಾಪಾರಿ ಎದ್ದೇಬಿಟ್ಟರು. "ಮೊದಲ ಮನ್ಯಾಗ ಬಗಿಹರಿಸ್ಕೊಂಡು ಬರ್ರಿ."

ಸಿಟ್ಟು, ಅವಮಾನ ಎರಡೂ ಸೇರಿ ನೇರವಾಗಿ ಅಕ್ಕನ ಮನೆಗೆ ಹೋದೆ. ಪೂರ್ತಿ ಕೇಳಿಸಿಕೊಂಡು ಅವಳು, "ಯಾರಿಗೋ ಯಾಕೋ? ನಾನೇ ತಗೋತೀನಿ," ಎಂದಳು. ಆದರೆ ವ್ಯಾಪಾರಿ ಹೇಳಿದ ಬೆಲೆಯನ್ನೇ ನಾನು ಹಿಡಿದು ಕೂತೆ. ಅದು ಹೆಚ್ಚಾಯಿತೆಂದು ಅವಳು. ಮಾತು ಮುರಿಯಿತು.

ತಿಂಗಳೊಳಗೆ ನ್ಯಾಯಾಲಯದ ನೋಟಿಸ್ ಬಂತು. ಬೆಲೆ ನಿಗದಿ ಮಾಡಿಕೊಡಿ ಎಂದು ಅಕ್ಕ ಅರ್ಜಿ ಹಾಕಿದ್ದಳು. ಬೆಲೆ ಗೊತ್ತಾದ ಮೇಲೆ ಅವಳು ಬೇಡವೆಂದರೆ ಕೇಸಿನ ಖರ್ಚೆಲ್ಲ ಅವಳ ತಲೆಯ ಮೇಲೆ ಎಂದು ನನ್ನ ವಕೀಲರು ಹೇಳಿದರು. ಅವಳು ಹಿಂದೆಗೆಯುತ್ತಾಳೆಂದೇ ಕಾದೆ. ಕೋರ್ಟಿನ ವಾಯಿದೆಗಳಿಗೆ ಹೋದಾಗ ಒಂದೇ ವರಾಂಡದಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಿದ್ದೆವು. ಒಮ್ಮೆ ಅವಳು ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ನನ್ನ ಕಡೆ ಚಾಚಿದಳು. ತಿಂದೆ.

ನ್ಯಾಯಾಲಯ ತನ್ನ ಕಮಿಷನರರೊಬ್ಬರನ್ನು ಕಳಿಸಿ ಮನೆಯ ಅಳತೆ ಮಾಡಿಸಿತು. ನಿಗದಿಯಾದ ಬೆಲೆ ವ್ಯಾಪಾರಿ ಹೇಳಿದ್ದಕ್ಕಿಂತ ತುಸು ಕಡಿಮೆ, ಅಕ್ಕ ಹೇಳಿದ್ದಕ್ಕಿಂತ ತುಸು ಹೆಚ್ಚು. ಅವಳು ಒಪ್ಪಿಕೊಂಡು, ಭವಿಷ್ಯನಿಧಿಯಿಂದ ಹಣ ತೆಗೆದು ಕಟ್ಟಿದಳು. ಪತ್ರ ಬರೆದವರು ಅದೇ ಚಾಚಾ.

ಅಂದು ಅವರು ಎಚ್ಚರಿಸದೆ ಪತ್ರ ಬರೆದು ಕೊಟ್ಟಿದ್ದರೆ ಇಂದು ಅಕ್ಕನ ಮುಖ ನೋಡುವ ಧೈರ್ಯ ನನಗಿರುತ್ತಿರಲಿಲ್ಲ. ನನ್ನ ಮೇಲೆ ಅರ್ಜಿ ಹಾಕಿದ ಅಕ್ಕನಿಗೂ ನಾನು ಋಣಿ. ಹಕ್ಕು ಕೇಳಿದಳು, ತಮ್ಮನನ್ನು ಬಿಡಲಿಲ್ಲ.

ಭೀಮರಾಯನಗುಡಿಯಲ್ಲಿ ನನ್ನ ಮನೆ ಮುಗಿದ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಬಂದಿಳಿದಳು. ಒಳಗೆ ಕಾಲಿಟ್ಟವಳೇ ಸುತ್ತ ನೋಡಿ, "ಅಡಿಗಿಮನಿ ಸಣ್ಣದಾತಲ್ಲೋ," ಎಂದು ಗದರಿದಳು.