ನಾನು ಹತ್ತದ ಟ್ಯಾಂಕರ್

ಮುಂಬೈ ಅಂಧೇರಿಯ ಆ ಹಡಗು ಕಂಪನಿಯ ಕಚೇರಿಯಲ್ಲಿ, ಸಂದರ್ಶನಕ್ಕೆ ಕೂತಿದ್ದ ಕ್ಯಾಪ್ಟನ್ ನನ್ನ ರೆಸ್ಯೂಮೆಯ ಎರಡನೇ ಪುಟದ ಮೇಲೆ ಪೆನ್ನಿಟ್ಟು, "ಈ ಟ್ಯಾಂಕರಿನ ಬಗ್ಗೆ ಹೇಳು" ಎಂದು ಹಿಂದಿಯಲ್ಲಿ ಕೇಳಿದಾಗ, ಅವರು ಬೇರೆ ಯಾರದೋ ಕಾಗದ ಹಿಡಿದಿದ್ದಾರೆ ಅಂದುಕೊಂಡೆ. ತೈಲ ಸಾಗಿಸುವ ಟ್ಯಾಂಕರ್ ಹಡಗನ್ನು ನಾನು ಜನ್ಮದಲ್ಲಿ ಹತ್ತಿದವನಲ್ಲ. ಸರಕು ಹಡಗಿನ ಡೆಕ್ಕಿನಲ್ಲಿ ಕೆಲಸ ಮಾಡುವ ಎ.ಬಿ. ನಾನು. ಅಂದರೆ ಚುಕ್ಕಾಣಿ ಹಿಡಿಯುವುದು, ಹಗ್ಗ ಕಟ್ಟುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು. ಅಂದು ಕೇಳಲು ಹೋಗಿದ್ದ ಕೆಲಸವೂ ಕಲ್ಲಿದ್ದಲು, ಗೋಧಿ ಸಾಗಿಸುವ ಹಡಗಿನದೇ.

ಕಾಗದವನ್ನು ನನ್ನ ಕಡೆ ತಿರುಗಿಸಿದರು. ಹೆಸರು ನನ್ನದೇ, ಫೋಟೋ ನನ್ನದೇ. ಸಮುದ್ರ ಸೇವೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ನನ್ನ ಕೊನೆಯ ಹಡಗು ಇರಬೇಕಾದ ಜಾಗದಲ್ಲಿ, ಒಂದು ಭಾರೀ ಟ್ಯಾಂಕರ್ ಕೂತಿತ್ತು. ಹಡಗಿನ ಹೆಸರು, ಬಗೆ, ಟನ್ನೇಜು, ನನ್ನ ದರ್ಜೆ, ಹತ್ತಿದ ತಾರೀಖು, ಇಳಿದ ತಾರೀಖು, ಒಂದೂ ಖಾಲಿ ಇರಲಿಲ್ಲ.

ಆ ರೆಸ್ಯೂಮೆ ಮಾಡಿಕೊಟ್ಟವರು ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಝೆರಾಕ್ಸ್ ಅಂಗಡಿ ಇಟ್ಟಿರುವ ಕಾಕಾ. ಸ್ವಂತ ಕಾಕಾ ಅಲ್ಲ; ವಿಜಯಪುರದ ಕಡೆಯವರು, ಅಪ್ಪನ ಗೆಳೆಯರು. ಅವರ ಮಗನೂ ನನ್ನಂತೆ ಎ.ಬಿ., ಟ್ಯಾಂಕರಿನಲ್ಲಿದ್ದಾನೆ. ಮಗನಿಗೆಂದು ಒಮ್ಮೆ ರೆಸ್ಯೂಮೆ ಮಾಡಿದವರು ಸುತ್ತಮುತ್ತಲಿನ ಹಡಗಿನ ಹುಡುಗರಿಗೆಲ್ಲ ಮಾಡತೊಡಗಿದ್ದರು. ಕೆಲಸವೂ ಅಚ್ಚುಕಟ್ಟು: ಮೊದಲ ಪುಟದಲ್ಲಿ ಪಾಸ್‌ಪೋರ್ಟ್, ಸಿಡಿಸಿ ನಂಬರು, ಪ್ರತಿ ಸರ್ಟಿಫಿಕೇಟಿನ ಮುಂದೆ ಅದರ ಅವಧಿ ಮುಗಿಯುವ ತಾರೀಖು, ಎರಡನೇ ಪುಟದಲ್ಲಿ ಹಡಗುಗಳು, ಹೊಸದು ಮೇಲೆ, ಹಳೆಯದು ಕೆಳಗೆ. ಕಂಪನಿಯವರಿಗೆ ಹುಡುಕಾಡುವ ತೊಂದರೆ ಇರಬಾರದು ಎನ್ನುವುದು ಅವರ ಹಟ. ನನ್ನದನ್ನೂ ತಾವೇ ಮೇಲ್ ಮಾಡಿ, "ಹೋಗ್ತೈತಿ, ಕಾಳಜಿ ಬಿಡು" ಎಂದಿದ್ದರು. ನಾನು ಮೊದಲ ಪುಟ ನೋಡಿ ಸುಮ್ಮನಾಗಿದ್ದೆ.

"ನಿನ್ನ ಸರ್ಟಿಫಿಕೇಟುಗಳಲ್ಲಿ ಟ್ಯಾಂಕರ್ ಕೋರ್ಸೇ ಇಲ್ಲ" ಎಂದರು ಕ್ಯಾಪ್ಟನ್. "ಅದಿಲ್ಲದೆ ಯಾವ ಟ್ಯಾಂಕರಿನವರು ನಿನಗೆ ಕೆಲಸ ಕೊಟ್ಟರು? ಸಿಡಿಸಿ ಕೊಡು."

ಸಿಡಿಸಿ ಎಂದರೆ ನಾವಿಕನ ಸೇವಾಪುಸ್ತಕ. ಹಡಗು ಹತ್ತಿದಾಗಲೂ ಇಳಿದಾಗಲೂ ಅದರಲ್ಲಿ ಹಡಗಿನ ಮಾಸ್ಟರ್, ಅಂದರೆ ಕಪ್ತಾನ, ತಾರೀಖು ಹಾಕಿ, ಸಹಿ ಮಾಡಿ, ಸ್ಟಾಂಪು ಒತ್ತಬೇಕು. ರೆಸ್ಯೂಮೆ ಏನೇ ಹೇಳಲಿ, ಕಂಪನಿಯವರು ಒಪ್ಪುವುದು ಆ ಸ್ಟಾಂಪುಗಳನ್ನು. ಕೊಟ್ಟೆ. ಹಾಳೆ ತಿರುವುತ್ತಾ ಹೋದವರು ಒಂದು ಕಡೆ ನಿಂತರು. ಅಲ್ಲಿ ಹತ್ತಿದ ಸ್ಟಾಂಪು ಇತ್ತು, ಒಂದು ಸಣ್ಣ ಸರಕು ಹಡಗಿನದು. ಇಳಿದ ಸ್ಟಾಂಪಿನ ಜಾಗ ಖಾಲಿ.

"ತಾರೀಖು ಅದೇ, ಹಡಗು ಬೇರೆ. ನಕಲಿ ಸೇವೆ ತೋರಿಸಿದವರನ್ನು ನಾವು ಬರೀ ವಾಪಸ್ ಕಳಿಸೋದಿಲ್ಲ, ಗೊತ್ತಲ್ಲ?"

ಗೊತ್ತಿತ್ತು. ದೂರು ಹೋದರೆ ಸಿಡಿಸಿಗೇ ಕುತ್ತು. ಒಂದು ಕಚೇರಿಯಲ್ಲಿ ನಕಲಿ ಎನಿಸಿಕೊಂಡವನ ಸುದ್ದಿ ಇನ್ನೊಂದಕ್ಕೆ ತಲುಪಲು ಹೊತ್ತು ಬೇಕಾಗುವುದಿಲ್ಲ. ಆಮೇಲೆ ಸಮುದ್ರ ನನ್ನ ಪಾಲಿಗೆ ಮುಗಿದಂತೆಯೇ. ನನಗೆ ಬರುವ ವಿದ್ಯೆ ಅದೊಂದೇ.

"ಸಾಬ್, ಇದನ್ನು ನಾನು ಬರೆದಿಲ್ಲ. ಇದು ಬರೆದಿದೆ ಅಂತ ಈಗಲೇ ನೋಡ್ತಿದೀನಿ."

"ಹಾಗಾದರೆ ಆ ಖಾಲಿ ಜಾಗ?"

ಮನೆಯಲ್ಲೂ ಹೇಳದಿದ್ದದ್ದನ್ನು ಆ ಎಸಿ ಕೋಣೆಯಲ್ಲಿ ಹೇಳಿದೆ. ಹಡಗಿನ ಮಾಲೀಕ ನಮ್ಮನ್ನು ಕೊಲ್ಲಿ ದೇಶದ ಒಂದು ಬಂದರಿನಾಚೆ ಲಂಗರು ಹಾಕಿಸಿ ಕೈಬಿಟ್ಟದ್ದು. ಅಕ್ಕಿ ಮುಗಿಯುತ್ತಾ ಬಂದದ್ದು. ಎಸಿಯಿಂದ ತೊಟ್ಟಿಕ್ಕುವ ನೀರನ್ನೂ ಮಳೆಯ ನೀರನ್ನೂ ಕುಡಿಯಲು ಹಿಡಿದಿಟ್ಟದ್ದು. ಆಮೇಲೆ ಡೀಸೆಲ್ ಮುಗಿದು ಜನರೇಟರ್ ನಿಂತು, ಎಸಿಯೂ ಇಲ್ಲ, ಮಳೆಯೂ ಇಲ್ಲ. ಮಾಸ್ಟರ್ ಕಾಯಿಲೆ ಎಂದು ದಡಕ್ಕೆ ಹೋದವನು ಮತ್ತೆ ಬರಲೇ ಇಲ್ಲ. ಕೊನೆಗೆ ನಮ್ಮ ರಾಯಭಾರ ಕಚೇರಿಯವರು ಕರೆಸಿಕೊಂಡಾಗ ಸಿಡಿಸಿಗೆ ಸ್ಟಾಂಪು ಒತ್ತಲು ಆ ಹಡಗಿನಲ್ಲಿ ಯಾರೂ ಉಳಿದಿರಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಕ್ಯಾಪ್ಟನ್ ಟ್ಯಾಂಕರಿನ ಸಾಲಿನ ಮೇಲೆ ಗೀಟು ಎಳೆದರು.

"ಹಡಗು ಕೈಬಿಟ್ಟವನು ಮಾಲೀಕ. ನೀನ್ಯಾಕೆ ಮುಚ್ಚಿಡಬೇಕು? ಆ ಹಡಗಿನ ನಿಜವಾದ ಹೆಸರು ಬರಿ. ಇಳಿದ ಸ್ಟಾಂಪು ಇಲ್ಲ, ಕಾರಣ ಇದು ಅಂತ ಬರಿ. ರಾಯಭಾರ ಕಚೇರಿಯ ಪತ್ರ, ಪಾಸ್‌ಪೋರ್ಟಿನ ಇಮಿಗ್ರೇಶನ್ ಸ್ಟಾಂಪುಗಳ ಕಾಪಿ ಜೊತೆಗಿಡು. ಸುಳ್ಳಿನ ಇನ್ನೊಂದು ಸಾಲು ಕಂಡರೂ ಈ ಮೆಟ್ಟಿಲು ಹತ್ತಬೇಡ. ನಾಳೆ ತಾ."

ಘಾಟ್ಕೋಪರ್‌ವರೆಗೆ ಮೆಟ್ರೋ, ಅಲ್ಲಿಂದ ಲೋಕಲ್. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಭಾಂಡುಪ್ ಸ್ಟೇಶನ್ನಿನಿಂದ ನೇರ ಅಂಗಡಿಗೆ ಹೋಗಿ ಕಾಗದವನ್ನು ಕಾಕಾನ ಮುಂದೆ ಎಸೆದೆ.

"ಕಾಕಾ, ಇದ್ಯಾವ ಟ್ಯಾಂಕರ್ ರೀ? ನನ್ನ ಮನಿ ಹಾಳ ಮಾಡಬೇಕಂತ ಮಾಡಿದ್ರೇನು?"

ಕಾಕಾನ ಮುಖ ಸಣ್ಣದಾಯಿತು. "ನೀನs ಅಂದಿದ್ದೆಲ್ಲೋ, ಕಂಪನಿ ಮುಚ್ಚಿತು, ಸ್ಟಾಂಪ್ ಹಾಕಲಿಲ್ಲಂತ. ಅಷ್ಟು ದೊಡ್ಡ ಗ್ಯಾಪ್ ಕಂಡ್ರ ಯಾರು ಕರೀತಾರು? ಅದಕ್ಕs ನನ್ನ ಮಗನ ಹಡಗು ಹಾಕಿದೆ. ಹಡಗು ಅಂವಂದು, ತಾರೀಖು ನಿಂದು. ಛಲೋ ಹಡಗು ಐತಿ ತಮ್ಮಾ."

ತನ್ನ ಮಗನ ಹಡಗನ್ನು ನನಗೆ ಕೊಟ್ಟಿದ್ದರು, ಹಬ್ಬದಲ್ಲಿ ಮಗನ ಅಂಗಿಯನ್ನು ಪಕ್ಕದ ಮನೆಯ ಹುಡುಗನಿಗೆ ತೊಡಿಸಿದ ಹಾಗೆ. ಬೈಯಲು ಬಂದವನು ಸ್ಟೂಲ್ ಎಳೆದುಕೊಂಡು ಕೂತು, "ಬರೀರಿ ಕಾಕಾ, ಈಗ ನಾ ಹೇಳ್ತೀನಿ" ಎಂದೆ.

ಅವರು ಟ್ಯಾಂಕರನ್ನು ಅಳಿಸಿದರು. ಸಣ್ಣ ಹಡಗಿನ ಹೆಸರು, ಬಗೆ, ಟನ್ನೇಜು, ಹತ್ತಿದ ತಾರೀಖು ಹೊಡೆದರು. ಇಳಿದದ್ದಕ್ಕೆ ಕಾರಣ ಎಂಬ ಕಡೆ ಬಂದು ನನ್ನ ಮುಖ ನೋಡಿದರು. "ಮಾಲೀಕ ಹಡಗು ಕೈಬಿಟ್ಟ" ಎಂದೆ. ಅವರ ಬೆರಳು ಕೀಬೋರ್ಡಿನ ಮೇಲೆ ನಿಂತೇಬಿಟ್ಟವು.

"ಕೈಬಿಟ್ಟ ಅಂದ್ರ?"

ಹೇಳಿದೆ. ಅಕ್ಕಿ, ನೀರು, ಕತ್ತಲು. ಕೇಳುತ್ತಾ ಕೇಳುತ್ತಾ ಅವರು ಕನ್ನಡಕ ತೆಗೆದರು. ಗಿರಾಕಿಯೊಬ್ಬ ಆಧಾರ್ ಕಾರ್ಡಿನ ಕಾಪಿಗೆಂದು ಬಂದು ನಿಂತ. ಅವನಿಗೆ ಕೈಯಿಂದಲೇ ಹೋಗು ಎಂದರು.

"ಆವಾಗ ಫೋನ್ ಹಚ್ಚಿದಾಗೆಲ್ಲ ನೀ ನಿಮ್ಮ ಅವ್ವಗ ಏನಂತಿದ್ದಿ?"

"ಎಲ್ಲಾ ಆರಾಮ ಐತಿ ಅಂತಿದ್ದೆ. ಮತ್ತೇನ್ ಹೇಳೂದ್ರಿ?"

ಕಾಕಾ ಉಳಿದದ್ದನ್ನು ಟೈಪ್ ಮಾಡಿ ಮುಗಿಸಿದರು, ಎರಡು ಪ್ರಿಂಟು ತೆಗೆದು ನನ್ನ ಕೈಗಿಟ್ಟರು. ಆಮೇಲೆ ತಮ್ಮ ಮೊಬೈಲ್ ಎತ್ತಿ ಮಗನ ನಂಬರು ಒತ್ತಿದರು. ಲೈನ್ ಸಿಗಲಿಲ್ಲ. ಮತ್ತೆ ಒತ್ತಿದರು.

"ನಡು ಸಮುದ್ರದಾಗಿರ್ತಾನ ಕಾಕಾ, ರೇಂಜ್ ಇರೂದಿಲ್ಲ" ಎಂದೆ.

ಅವರು ನನ್ನತ್ತ ನೋಡಿದ ನೋಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

"ಅಂವಾನೂ ಪ್ರತಿ ಸಲ ಹಂಗs ಅಂತಾನಲ್ಲೋ ತಮ್ಮಾ," ಎಂದರು, "ಎಲ್ಲಾ ಆರಾಮ ಐತಿ ಅಂತ."