ಆರ್ಡಿತ್ ಬರೆದ ‘ಸೋ’

ಅಡುಗೆಮನೆಯಲ್ಲಿ ಜಿರಳೆ ಕಂಡರೆ ಕೆಲವರಿಗೆ ಹೇಗೆ ಮೈ ಜುಮ್ಮೆನ್ನುತ್ತದೋ, ತಪ್ಪು ಜಾಗದಲ್ಲಿ ಕುಳಿತ ಅಲ್ಪವಿರಾಮ ಕಂಡರೆ ಆರ್ಡಿತ್ ಕ್ವಿಗ್ಲಿಗೆ ಹಾಗೆ ಆಗುತ್ತಿತ್ತು. ಅದರಲ್ಲೂ ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಒಂದು ಕಾಮಾ ಸಿಕ್ಕಿಸಿ ಅಂಟಿಸಿದ್ದರೆ ಮುಗಿಯಿತು. ಚರ್ಚಿನ ವಾರದ ಹಾಳೆಯಲ್ಲಿ ಅಂಥದ್ದೊಂದು ಕಂಡು, ಪ್ರಾರ್ಥನೆ ಮುಗಿಯುವವರೆಗೂ ಅವಳ ದವಡೆ ಬಿಗಿದೇ ಇತ್ತು. ಅವಳ ಹಲ್ಲಿನ ಡಾಕ್ಟರು ಬಾಗಿಲಿಗೆ ಹಾಕಿದ್ದ ಫಲಕದಲ್ಲೂ ಅದೇ ತಪ್ಪು. ಅವಳು ಡಾಕ್ಟರನ್ನೇ ಬದಲಾಯಿಸಿದಳು.

ಪೆನ್ಸಿಲ್ವೇನಿಯಾದಲ್ಲಿ, ದೊಡ್ಡ ಸರೋವರದ ದಡದ ಈರಿ ಊರಿನಲ್ಲಿ, ಒಂದು ಕಾಲೇಜಿನ ನೆಲಮಾಳಿಗೆಯ ಬರವಣಿಗೆ ಕೇಂದ್ರದಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದಿಂದ ಕೆಲಸ. ಪಕ್ಕದಲ್ಲೇ ಬಾಯ್ಲರ್ ಕೋಣೆ. ಸರೋವರದ ಗಾಳಿ ಹೊರಗೆ ಎಷ್ಟೇ ಬೀಸಲಿ, ಒಳಗೆ ಒದ್ದೆ ಕೋಟುಗಳ ಮುಗ್ಗಲು ವಾಸನೆ. ಅಲ್ಲಿಗೆ ಬರುವವರು ಹೆಚ್ಚಾಗಿ ದುಡಿಯುವ ಜನ: ಲಾರಿ ಓಡಿಸುವವರು, ಆಸ್ಪತ್ರೆಯಲ್ಲಿ ಹಾಸಿಗೆ ಬದಲಾಯಿಸುವವರು, ಹೇಗಾದರೂ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಾದವರು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಆರ್ಡಿತ್ ನೇರಳೆ ಪೆನ್ಸಿಲ್ ಹಿಡಿದು, ಕಾಮಾದಿಂದ ಕಾಮಾಕ್ಕೆ ಹಾರುತ್ತ, ಕಂಡಲ್ಲೆಲ್ಲ ಒಂದು ಜೋಡಿಸುವ ಪದ ತುರುಕುತ್ತಿದ್ದಳು. ಆಂಡ್, ಬಟ್, ಸೋ; ಅಂದರೆ ಮತ್ತು, ಆದರೆ, ಆದ್ದರಿಂದ. ಬೇಗ ಮುಗಿಯುತ್ತಿತ್ತು. ವ್ಯಾಕರಣ ಸರಿಯಾಗುತ್ತಿತ್ತು.

ಟಮಿಕಾ ಬೋಲ್ಡೆನ್ ಬಂದದ್ದು ಅಕ್ಟೋಬರ್ ಹದಿನೇಳರ ಮಂಗಳವಾರ, ಮಧ್ಯಾವಧಿ ಪರೀಕ್ಷೆಯ ವಾರ. ಹೊರಗೆ ಬೆಂಚಿನ ಮೇಲೆ ಇನ್ನೂ ನಾಲ್ವರು ಕಾಯುತ್ತಿದ್ದರು. ಟಮಿಕಾಗೆ ನಲವತ್ತರ ಆಸುಪಾಸು, ವೃದ್ಧರ ಆರೈಕೆ ಮನೆಯೊಂದರಲ್ಲಿ ಸಹಾಯಕಿ, ನರ್ಸಿಂಗ್ ಓದಬೇಕೆಂದು ಸಂಜೆಯ ತರಗತಿ ಸೇರಿದ್ದವಳು. ಅವಳ ಕೈಯಲ್ಲಿದ್ದದ್ದು ತರಗತಿಯ ಪ್ರಬಂಧವಲ್ಲ, ಆರೈಕೆ ಮನೆಯ ಒಂದು ವರದಿ.

“ಇದು ಪಾಠದ್ದಲ್ಲ ಮಿಸ್ ಆರ್ಡಿತ್. ನಮ್ಮ ಮೇಲ್ವಿಚಾರಕ ಕರ್ಟ್ ವಾಪಸ್ ಕೊಟ್ಟ. ವಾಕ್ಯ ಎಲ್ಲ ಒಂದರ ಮೇಲೊಂದು ಹತ್ಕೊಂಡಿದೆ, ನಿಮ್ಮ ಕಾಲೇಜಲ್ಲಿ ಯಾರ ಹತ್ರಾನಾದ್ರೂ ತಿದ್ದಿಸ್ಕೊಂಡು ಬಾ ಅಂದ.”

“ಆ ಮಾತಾದ್ರೂ ಸರಿಯಾಗಿ ಹೇಳಿದ್ದಾನೆ,” ಅಂದಳು ಆರ್ಡಿತ್. “ಕೂತ್ಕೋ.”

ಹಾಳೆಯಲ್ಲಿದ್ದದ್ದು ಇಷ್ಟು: “I went for sheets, the resident fell, the alarm did not ring, I told Curt about it Monday.”

ನಾನು ಹಾಸಿಗೆಯ ಬಟ್ಟೆ ತರಲು ಹೋದೆ, ಆರೈಕೆ ಮನೆಯ ಅಜ್ಜ ಬಿದ್ದರು, ಅಲಾರಂ ಹೊಡೆಯಲಿಲ್ಲ, ಸೋಮವಾರ ಕರ್ಟ್‌ಗೆ ಹೇಳಿದೆ. ನಾಲ್ಕು ಪೂರ್ಣ ವಾಕ್ಯ, ಮೂರು ಕಾಮಾ. ಪ್ರತಿಯೊಂದಕ್ಕೂ ತನ್ನದೇ ಕರ್ತೃ, ತನ್ನದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಅಂಥವನ್ನು ಬರೀ ಕಾಮಾ ಹಿಡಿದು ನಿಲ್ಲಿಸಲಾರದು. ಪೂರ್ಣವಿರಾಮ ಬೇಕು, ಇಲ್ಲವೇ ಅರ್ಧವಿರಾಮ, ಇಲ್ಲವೇ ಕಾಮಾದ ಪಕ್ಕ ಒಂದು ಜೋಡಿಸುವ ಪದ.

“ಟಮಿಕಾ, ಇದನ್ನ ಓದೋರು ಉಸಿರು ಎಲ್ಲಿ ಬಿಡ್ಬೇಕು?”

“ಉಸಿರು ಬಿಡೋಕೆ ಅವತ್ತು ನಂಗೂ ಪುರುಸೊತ್ತು ಇರ್ಲಿಲ್ಲ ಮೇಡಂ.”

ಆರ್ಡಿತ್ ನಗಲಿಲ್ಲ. ಗೋಡೆ ಗಡಿಯಾರ ನೋಡಿದಳು, ಪೆನ್ಸಿಲ್ ಓಡಿಸಿದಳು. ಮೂರು ನಿಮಿಷವೂ ಹಿಡಿಯಲಿಲ್ಲ. ತಿದ್ದಿದ ಮೇಲೆ ವರದಿ ಹೀಗಾಯಿತು: “I went for sheets, so the resident fell. The alarm did not ring, and I told Curt about it Monday.”

“ನೋಡು, ಈಗ ಮನುಷ್ಯರು ಬರೆದ ಹಾಗಿದೆ. ಹೋಗಿ ಟೈಪ್ ಮಾಡ್ಕೊಂಡು, ಇವತ್ತಿನ ತಾರೀಕು ಹಾಕಿ ಕೊಡು.”

ಟಮಿಕಾ ಒಮ್ಮೆ ಓದಿ ಹುಬ್ಬು ಗಂಟಿಕ್ಕಿದಳು. “ಈ ‘ಸೋ’ ಇಲ್ಲಿ ಇರ್ಬೇಕಾ?”

“ಏನಾದ್ರೂ ಒಂದು ಇರ್ಲೇಬೇಕು,” ಎಂದು ಆರ್ಡಿತ್ ಮುಂದಿನವರನ್ನು ಕರೆದಳು.

ಮೂರು ವಾರದ ಮೇಲೆ ಟಮಿಕಾ ಮತ್ತೆ ಬಂದಳು. ಈ ಸಲ ಕೂರಲಿಲ್ಲ. ಕೆಲಸದಿಂದ ತೆಗೆದ ಪತ್ರವನ್ನು ಮೇಜಿನ ಮೇಲಿಟ್ಟಳು. ಆರ್ಡಿತ್ ಬಾಯಲ್ಲಿ ಖಾರದ ಪೆಪೆರೋನಿ ಮಾಂಸ ತುಂಬಿದ ಬನ್ನು ಅರ್ಧಕ್ಕೇ ನಿಂತಿತು.

ಪತ್ರದಲ್ಲಿ ಟಮಿಕಾಳ ವರದಿಯ ಎರಡು ವಾಕ್ಯಗಳನ್ನೇ ಎತ್ತಿ ಬರೆದಿದ್ದರು. ಮೊದಲನೆಯದರ ಪ್ರಕಾರ, ತಾನು ಹೋದದ್ದರಿಂದಲೇ ಅಜ್ಜ ಬಿದ್ದರೆಂದು ಟಮಿಕಾಳೇ ಒಪ್ಪಿಕೊಂಡಿದ್ದಾಳೆ. ಎರಡನೆಯದರ ಪ್ರಕಾರ, ಅಲಾರಂ ಕೆಟ್ಟದ್ದನ್ನು ಅವಳು ತಿಳಿಸಿದ್ದು ಅಜ್ಜ ಬಿದ್ದ ನಂತರದ ಸೋಮವಾರ. ವರದಿಗೆ ಮಂಗಳವಾರದ ತಾರೀಕು ಇದ್ದದ್ದರಿಂದ, ಸೋಮವಾರ ಎಂದರೆ ಹಿಂದಿನ ದಿನವೇ ಎಂದು ಯಾರಾದರೂ ಓದುವಂತಿತ್ತು. ಕರ್ತವ್ಯದಲ್ಲಿ ಬೇಕೆಂದೇ ಮಾಡಿದ ಅಲಕ್ಷ್ಯ ಎಂದು ಷರಾ. ಹಾಗೆ ಬರೆದರೆ ನಿರುದ್ಯೋಗ ಭತ್ಯೆಯೂ ಸಿಗುವುದಿಲ್ಲ. ಟಮಿಕಾ ಅದಕ್ಕೆ ಮೇಲ್ಮನವಿ ಹಾಕಿದ್ದಳು, ವಿಚಾರಣೆ ಇನ್ನೂ ಬಾಕಿ ಇತ್ತು.

“ಕರ್ಟ್‌ಗೆ ನೀನು ಯಾವಾಗ ಹೇಳಿದ್ದು?” ಆರ್ಡಿತ್ ಕೇಳಿದಳು. ಈ ಪ್ರಶ್ನೆಯನ್ನು ಅವಳು ಕೇಳಿದ್ದು ಇದೇ ಮೊದಲು.

“ಅಜ್ಜ ಬೀಳೋಕೆ ಮೂರು ದಿನ ಮುಂಚೆ. ಬಿದ್ದದ್ದು ಗುರುವಾರ. ಸೋಮವಾರನೇ ಕಾರಿಡಾರಲ್ಲಿ ನಿಲ್ಸಿ ಹೇಳ್ದೆ, ಹದಿನಾಲ್ಕನೇ ರೂಮಿನ ಹಾಸಿಗೆ ಅಲಾರಂ ಸತ್ತಿದೆ, ಅಜ್ಜ ಎದ್ರೂ ಹೊಡೆಯಲ್ಲ ಅಂತ. ನೋಡ್ತೀನಿ ಅಂದ. ಬಟ್ಟೆ ತರೋಕೆ ಹೋಗಿದ್ದು ಹಾಸಿಗೆ ಒದ್ದೆ ಆಗಿತ್ತು ಅಂತ. ಅದು ನನ್ನ ಕೆಲಸ. ಒಂದೂವರೆ ನಿಮಿಷ. ಅಷ್ಟರಲ್ಲಿ ಎದ್ದು ಬಿದ್ದು ಸೊಂಟ ಮುರ್ಕೊಂಡ್ರು.”

“ಇದನ್ನೆಲ್ಲ ನೀನು ಬರೀಲಿಲ್ಲ.”

“ನೀವು ಕೇಳ್ಲಿಲ್ಲ.”

ಆರ್ಡಿತ್ ಬನ್ನನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು. ಅಷ್ಟು ವರ್ಷ ಬೇರೆಯವರ ಹಾಳೆಗಳ ಮೇಲಿದ್ದ ಹೇಸಿಗೆ ಈಗ ತನ್ನ ಕೈಯ ಮೇಲೇ ತಿರುಗಿತು. ಟಮಿಕಾ ಬರೆದದ್ದರಲ್ಲಿ ವ್ಯಾಕರಣ ಇರಲಿಲ್ಲ, ಆದರೆ ಸುಳ್ಳೂ ಇರಲಿಲ್ಲ. ಕಾಮಾಗಳ ನಡುವೆ ಯಾವುದರಿಂದ ಯಾವುದು ಆಯಿತೆಂದು ಅವಳು ಹೇಳಿರಲೇ ಇಲ್ಲ. ಅದನ್ನು ಹೇಳಿದ್ದು ಆರ್ಡಿತ್‌ಳ ‘ಸೋ’.

“ಮೊದಲು ನೀನು ಕೈಯಲ್ಲಿ ಬರೆದಿದ್ದ ಹಾಳೆ ಇದೆಯಾ?”

ಟಮಿಕಾ ಚೀಲದ ತಳದಿಂದ ಮಡಿಸಿದ ಹಾಳೆ ತೆಗೆದಳು. ನೇರಳೆ ಗೀರುಗಳು ಹಾಗೇ ಇದ್ದವು. ಮೇಲ್ಗಡೆ ಮೂಲೆಯಲ್ಲಿ, ನೀಲಿ ಶಾಯಿಯಲ್ಲಿ, ಟಮಿಕಾಳದೇ ದುಂಡಕ್ಷರದಲ್ಲಿ ತಾರೀಕು: ಅಕ್ಟೋಬರ್ 12, ಗುರುವಾರ. ಪಕ್ಕದಲ್ಲಿ ‘ಮತ್ತೆ ಬರಿ’ ಎಂಬ ಕರ್ಟ್‌ನ ಕೈಬರಹ, ಅದರಡಿ ಮರುದಿನದ ತಾರೀಕು.

ಆರ್ಡಿತ್ ಬೆರಳಿನಲ್ಲಿ ದಿನ ಎಣಿಸಿದಳು. ಗುರುವಾರ ಕುಳಿತು ಬರೆದವಳು ಮುಂದೆ ಬರಲಿರುವ ಸೋಮವಾರ ‘ಹೇಳಿದೆ’ ಎಂದು ಬರೆಯಲು ಸಾಧ್ಯವಿಲ್ಲ. ಶುಕ್ರವಾರ ಆ ಹಾಳೆ ಓದಿದ ಕರ್ಟ್‌ಗೂ ಅದು ಯಾವ ಸೋಮವಾರ ಎಂದು ಚೆನ್ನಾಗಿ ಗೊತ್ತಿತ್ತು.

“ವಿಚಾರಣೆಗೆ ನಾನು ಬರ್ತೀನಿ,” ಅಂದಳು.

“ಬರ್ಲೇಬೇಕು ನೀವು,” ಅಂದಳು ಟಮಿಕಾ.

ಭತ್ಯೆಯ ಮೇಲ್ಮನವಿ ಕೇಳುವ ಕಚೇರಿ ಒಂದು ಹಳೇ ಬ್ಯಾಂಕಿನ ಎರಡನೇ ಮಹಡಿಯಲ್ಲಿತ್ತು. ಉದ್ದ ಮೇಜು, ಧ್ವನಿಮುದ್ರಣ ಯಂತ್ರ, ನೆಗಡಿಯಾಗಿದ್ದ ಒಬ್ಬ ವಿಚಾರಣಾಧಿಕಾರಿಣಿ. ಕರ್ಟ್ ಲಿಂಡ್‌ಗ್ರೆನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಟೈಪ್ ಮಾಡಿದ ವರದಿಯನ್ನು ಅವನು ಗಟ್ಟಿಯಾಗಿ ಓದಿದ. ‘ಸೋ’ ಬಂದಾಗ ಸ್ವಲ್ಪ ನಿಲ್ಲಿಸಿ, ತಲೆಯೆತ್ತಿ, ಮತ್ತೆ ಓದಿದ.

“ಮಾತು ಅವಳದ್ದೇ ಮೇಡಂ. ನಾವು ಏನೂ ಸೇರಿಸಿಲ್ಲ. ಕಾಲೇಜಿನವರೇ ತಿದ್ದಿ ಕೊಟ್ಟಿದ್ದಾರೆ, ಇನ್ನೇನು ಬೇಕು?”

ಆರ್ಡಿತ್ ಪ್ರಮಾಣ ಮಾಡಿ ಕುಳಿತಳು. ನೇರಳೆ ಗೀರಿನ ಹಾಳೆಯನ್ನು ಮುಂದೆ ಸರಿಸಿದಳು.

“ಇದರಲ್ಲಿರೋ ‘ಸೋ’ ನನ್ನದು, ಅವಳದ್ದಲ್ಲ. ಅವಳು ಬರೀ ಕಾಮಾ ಹಾಕಿದ್ಲು.”

“ಎರಡಕ್ಕೂ ಅಂಥ ವ್ಯತ್ಯಾಸ ಏನು?” ಎಂದರು ವಿಚಾರಣಾಧಿಕಾರಿಣಿ, ಮೂಗು ಒರೆಸಿಕೊಳ್ಳುತ್ತ.

“ಕಾಮಾ ಯಾರ ಮೇಲೂ ತಪ್ಪು ಹೊರಿಸಲ್ಲ ಮೇಡಂ. ‘ಸೋ’ ಹೊರಿಸುತ್ತೆ. ಹಿಂದಿನದು ಕಾರಣ, ಮುಂದಿನದು ಅದರ ಫಲ ಅನ್ನುತ್ತೆ. ಅವಳು ಹೇಳೋಕೆ ಹೊರಟದ್ದು ಬಟ್ಟೆ ತರ್ತಿರೋವಾಗ ಅವರು ಬಿದ್ರು ಅಂತ. ಅದಕ್ಕೆ ‘ವೈಲ್’ ಬೇಕಿತ್ತು. ಅಲಾರಂ ಕೆಟ್ಟಿದೆ ಅಂತ ಮೊದಲೇ ಹೇಳಿದ್ರೂ ಅದು ಹೊಡೀಲಿಲ್ಲ, ಅದಕ್ಕೆ ‘ಆಲ್ದೋ’. ಮೊದಲೇ ಅನ್ನೋದಕ್ಕೆ ‘ಹ್ಯಾಡ್ ಟೋಲ್ಡ್’. ನಾನು ‘ಆಂಡ್’ ಹಾಕಿ ಮುಗಿಸ್ದೆ. ‘ಆಂಡ್’ ನೋಡಿದ್ರೆ ಒಂದಾದ ಮೇಲೆ ಒಂದು ಆದ ಹಾಗೆ ಕಾಣುತ್ತೆ.”

“ನೀವು ಯಾಕೆ ಹಾಗೆ ಬರೆದ್ರಿ?”

ಆರ್ಡಿತ್ ಮುಖ ಬಿಸಿಯಾಯಿತು. “ಹೊರಗೆ ಇನ್ನೂ ನಾಲ್ವರು ಕಾಯ್ತಿದ್ರು. ಕಾಮಾ ಕಂಡ್ರೆ ನಂಗೆ ಅಸಹ್ಯ ಮೇಡಂ, ಅದು ಹೋದ್ರೆ ಸಾಕಿತ್ತು. ಏನಾಯ್ತು ಅಂತ ಅವಳನ್ನ ನಾನು ಕೇಳ್ಲೇ ಇಲ್ಲ.”

ಆಮೇಲೆ ತಾರೀಕು ತೋರಿಸಿದಳು. ವಿಚಾರಣಾಧಿಕಾರಿಣಿ ಹಾಳೆಯನ್ನು ಕರ್ಟ್ ಕಡೆ ತಿರುಗಿಸಿ ಕೇಳಿದರು, “ಇದು ನಿಮ್ಮ ಕೈಬರಹ ಅಲ್ವಾ? ಹದಿಮೂರಕ್ಕೆ ನೀವು ಓದಿದ್ದೀರಿ. ಇದರಲ್ಲಿರೋದು ಯಾವ ಸೋಮವಾರ?”

“ನಾನು ಅಷ್ಟು ಗಮನಿಸಿ ಓದ್ಲಿಲ್ಲ. ಒಂದೇ ಸಮ ಹರೀತಿತ್ತು ಅದು.”

“ತಿದ್ದಿಸ್ಕೊಂಡು ಬಾ ಅನ್ನೋಷ್ಟು ಓದಿದ್ರಿ.”

ಕರ್ಟ್ ಅಂಗಿಯ ತೋಳು ಸರಿಮಾಡಿಕೊಂಡ.

ತೀರ್ಪು ಹನ್ನೊಂದು ದಿನಕ್ಕೆ ಅಂಚೆಯಲ್ಲಿ ಬಂತು. ಬೇಕೆಂದೇ ಮಾಡಿದ ತಪ್ಪು ಸಾಬೀತಾಗಿಲ್ಲ, ಟಮಿಕಾಗೆ ಭತ್ಯೆ ಕೊಡಬೇಕು. ಕೆಲಸ ಮರಳಿ ಕೊಡಿಸುವ ಅಧಿಕಾರ ಆ ಕಚೇರಿಗೆ ಇರಲಿಲ್ಲ. ಕರ್ಟ್ ತನ್ನ ಕುರ್ಚಿಯಲ್ಲೇ ಉಳಿದ. ಹದಿನಾಲ್ಕನೇ ಕೋಣೆಗೆ ಹೊಸ ಅಲಾರಂ ಬಂತೆಂದೂ ಅದನ್ನು ಹಾಕಿಸಿದವನು ಕರ್ಟ್ ಎಂದು ಅಲ್ಲಿನ ಸುದ್ದಿಹಾಳೆ ಹೊಗಳಿತ್ತೆಂದೂ ಟಮಿಕಾಳಿಂದ ಆರ್ಡಿತ್‌ಗೆ ತಿಳಿಯಿತು.

“ನಿಮ್ಮ ಮೇಲೆ ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ,” ಅಂದಳು ಟಮಿಕಾ, ಕಾಲೇಜಿನ ಮೆಟ್ಟಿಲ ಬಳಿ. “ಬಂದು ಒಪ್ಕೊಂಡ್ರಿ, ಅದು ದೊಡ್ಡದು. ಆದ್ರೆ ಆ ಅಜ್ಜನ್ನ ನಾನು ಎರಡು ವರ್ಷ ನೋಡ್ಕೊಂಡೆ. ನನ್ನಿಂದ ಬಿದ್ರು ಅಂತ ಅವರ ಮಗಳು ಈಗ್ಲೂ ನಂಬಿದ್ದಾಳೆ.”

“ಅವಳಿಗೊಂದು ಪತ್ರ ಬರೀತೀಯಾ? ನಾನು…”

“ಬೇಡ ಮೇಡಂ. ನಾನೇ ಬರೀತೀನಿ.”

ಆ ಪತ್ರವನ್ನು ಟಮಿಕಾ ಆರ್ಡಿತ್‌ಗೆ ತೋರಿಸಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು, ತರಗತಿಯನ್ನೂ ಬೇರೆ ಶಾಖೆಗೆ ಬದಲಾಯಿಸಿಕೊಂಡಳು.

ಇತ್ತ ಕಾಲೇಜಿನ ಮೇಲಿನವರು ಆರ್ಡಿತ್‌ಗೆ ಒಂದು ಪತ್ರ ಕಳಿಸಿದರು. ಇನ್ನು ಮುಂದೆ ಹೊರಗಿನ ಕಾಗದ ಮುಟ್ಟುವುದಿಲ್ಲ, ಯಾವ ವಿಚಾರಣೆಗೂ ಹೋಗುವುದಿಲ್ಲ ಎಂದು ಸಹಿ ಹಾಕಬೇಕಿತ್ತು. ಅವಳ ಸೇವೆಯನ್ನು ಹೊಗಳಿದ ಕೊನೆಯ ಸಾಲಿನಲ್ಲಿ ಎರಡು ಪೂರ್ಣ ವಾಕ್ಯಗಳು ಒಂದು ಕಾಮಾಕ್ಕೆ ನೇತಾಡುತ್ತಿದ್ದವು. ಅವಳಿಗೆ ಆ ಕಾಮಾದ ಮೇಲೆ ಹೇಸಿಗೆಯೇ ಆಗಲಿಲ್ಲ. ಹೇಸಿಗೆ ಆದದ್ದು ಆ ಪತ್ರ ಹೇಳುತ್ತಿದ್ದ ಮಾತಿನ ಮೇಲೆ. ಸಹಿ ಹಾಕದೆ ವಾಪಸ್ ಕಳಿಸಿದಳು. ವಾರಕ್ಕೆ ಐದು ದಿನವಿದ್ದ ಕೆಲಸ ಎರಡು ದಿನಕ್ಕೆ ಇಳಿಯಿತು.

ಆ ಎರಡು ದಿನವೂ ಅವಳು ಹೋಗುತ್ತಾಳೆ. ಈಗ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಸಾಲುವುದಿಲ್ಲ, ಬೆಂಚಿನ ಮೇಲೆ ಕಾಯುವವರು ಗೊಣಗುತ್ತಾರೆ. ಹಾಳೆ ಕೈಗೆ ಬಂದ ಕೂಡಲೇ ಅವಳು ಪೆನ್ಸಿಲ್ ಎತ್ತುವುದಿಲ್ಲ. “ಬಾಯಲ್ಲಿ ಹೇಳು,” ಅನ್ನುತ್ತಾಳೆ. “ಯಾವುದು ಮೊದಲಾಯ್ತು? ಅದರಿಂದ ಇದು ಆಯ್ತಾ, ಇಲ್ಲಾ ಅದು ಆಗ್ತಿರೋವಾಗ ಇದು ಆಯ್ತಾ?” ಹೇಳಿ ಮುಗಿಸಿದವರಿಗೆ, ಜೋಡಿಸುವ ಪದವನ್ನು ನೀನೇ ಆರಿಸು ಅನ್ನುತ್ತಾಳೆ.