ಬಿಸಿಲು ಬಡಿದವನೂ ‘ಕುಡಿದಾನ’ ಎಂದವನೂ

ಶಹಾಬಾದ್ ಹತ್ತಿರದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಆ ಖಣಿಗೆ ನಾನು ಹೋಗುತ್ತಿದ್ದುದು ಕೆಲಸಗಾರರ ಮಕ್ಕಳಿಗೆ ಲಸಿಕೆ ಹಾಕಲು. ನಾನು ಸರ್ಕಾರಿ ಆರೋಗ್ಯ ಕೇಂದ್ರದ ನರ್ಸ್. ಖಣಿಯ ಮ್ಯಾನೇಜರನನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹ್ಯ. ಮೇ ತಿಂಗಳಲ್ಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ತಗಡಿನ ಆಫೀಸಿನಲ್ಲಿ ಕೂಲರ್. ಅದರ ಮುಂದೆ ಕುರ್ಚಿ ಹಾಕಿಕೊಂಡು, “ನಮ್ ಮಂದಿಗಿ ಬಿಸಲು ರೂಢಿ ಆಗ್ಯಾದ್ರಿ ಸಿಸ್ಟರ್” ಎನ್ನುತ್ತಿದ್ದ. ಅವನಿಗೆ ಮಾತ್ರ ಅದು ಯಾಕೋ ರೂಢಿಯಾಗಿರಲಿಲ್ಲ.

ಆ ಮಧ್ಯಾಹ್ನ ಬೇವಿನ ಮರದ ಕೆಳಗೆ ಲಸಿಕೆ ಕೆಲಸ ಮುಗಿಸಿ ಪೆಟ್ಟಿಗೆ ಮುಚ್ಚುತ್ತಿದ್ದೆ. ಕಲ್ಲಿನ ಚೂರು ಹೊರುವ ಹೆಂಗಸೊಬ್ಬಳನ್ನು ಜೊತೆಯವರು ಹಿಡಿದುಕೊಂಡು ಬಂದರು. ಮುಖ ಬಿಳಿಚಿತ್ತು. ಬೆವರು ಧಾರೆಯಾಗಿ ಇಳಿಯುತ್ತಿತ್ತು, ಮುಟ್ಟಿದರೆ ಚರ್ಮ ತಣ್ಣಗೆ ಒದ್ದೆ. ಒಮ್ಮೆ ವಾಂತಿಯೂ ಆಗಿತ್ತು.

“ಏನಾಗ್ಲಿಕತ್ತದವ್ವ?”

“ತಲಿ ತಿರಗ್ಲಿಕತ್ತದ್ರಿ ಸಿಸ್ಟರ್. ಮೀನಖಂಡ ಸೆಟದಾವ. ಮುಂಜಾನಿ ಅರ್ಧ ರೊಟ್ಟಿ ತಿಂದೀನಿ, ಅಷ್ಟ.”

ಮಾತು ನೆಟ್ಟಗಿತ್ತು. ಅದೇ ನನಗೆ ಬೇಕಾಗಿದ್ದುದು. ನೆರಳಲ್ಲಿ ಮಲಗಿಸಿ, ಕಾಲ ಕೆಳಗೆ ಬಟ್ಟೆಯ ಗಂಟು ಇಟ್ಟು ಎತ್ತರಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಲು ಹೇಳಿದೆ. ಅರ್ಧ ತಾಸಿನಲ್ಲಿ ಸುಧಾರಿಸದಿದ್ದರೆ ಅಥವಾ ಮಾತು ತಪ್ಪಿದರೆ ದವಾಖಾನೆಗೆ ಒಯ್ಯಬೇಕೆಂದೂ ಹೇಳಿದೆ. ಮ್ಯಾನೇಜರ್ ಆಫೀಸಿನ ಬಾಗಿಲಲ್ಲಿ ನಿಂತು, “ಇದೆಲ್ಲಾ ನಾಟಕ” ಎಂದ.

ಅಷ್ಟರಲ್ಲಿ ಕಲ್ಲು ಕೊಯ್ಯುವ ಯಂತ್ರದ ಕಡೆ ಗದ್ದಲ. ಅಲ್ಲಿ ಕಲ್ಲು ಎತ್ತುವ ಗಂಡಸೊಬ್ಬ ತೂರಾಡುತ್ತ, ಹಿಡಿಯಲು ಬಂದವರನ್ನು ಬೈಯುತ್ತಿದ್ದ. ನಾನು ಹತ್ತಿರ ಹೋದಾಗ, “ವಾಡಿ ಬಸ್ ಬಂತೇನ್ರಿ?” ಎಂದು ಕೇಳಿದ. ಖಣಿಯೊಳಗೆ ಎಂದೂ ಯಾವ ಬಸ್ಸೂ ಬಂದಿಲ್ಲ.

“ಕುಡದಾನ್ರಿ. ಗ್ವಾಡಿಗಿ ಕುಂದ್ರಸ್ರಿ, ಇಳೀತದ” ಎಂದ ಮ್ಯಾನೇಜರ್. ಆ ಗೋಡೆಯ ಮೇಲೆ ನಡುಮಧ್ಯಾಹ್ನದ ಬಿಸಿಲಿತ್ತು.

ಬಾಯಿ ಮೂಸಿದೆ, ಹೆಂಡದ ವಾಸನೆ ಇರಲಿಲ್ಲ. ಕುತ್ತಿಗೆ ಮುಟ್ಟಿದೆ, ಕಾದ ಹೆಂಚಿನಂತಿತ್ತು. ಕಂಕುಳಲ್ಲಿಟ್ಟ ಥರ್ಮಾಮೀಟರ್ ನೂರಾ ಐದು ದಾಟಿತು. ಒಳಗಿನ ಕಾವು ಅದಕ್ಕಿಂತಲೂ ಹೆಚ್ಚಿರುತ್ತದೆ.

“ಬಿಸಲು ಬಡದ್ರ ಮೈ ಒಣಗ್ತದಲ್ರಿ. ಇವಂಗ ಬೆವರು ಬರ್ಲಿಕತ್ತದ” ಎಂದು ಮ್ಯಾನೇಜರ್ ನನಗೇ ಪಾಠ ಹೇಳಿದ. ಎಲ್ಲೋ ಕೇಳಿದ ಅರ್ಧ ಮಾತನ್ನು ಹೀಗೆ ಎದೆಯುಬ್ಬಿಸಿ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ.

“ದುಡಿಯೋ ಮನಷ್ಯಾಗ ಬೆವರು ಇರ್ತಾವ. ಬೆವರು ನೋಡಬ್ಯಾಡ್ರಿ, ಮಾತು ನೋಡ್ರಿ. ಅಕಿ ಮಾತು ನೆಟ್ಟಗದ, ಇವಂದು ತಪ್ಪ್ಯಾದ. ಇದು ಜೀವಕ್ಕ ಬರೋದು. ನೂರಾ ಎಂಟಕ್ಕ ಫೋನ್ ಹಚ್ರಿ.”

ಅವನು ಹಚ್ಚಲಿಲ್ಲ. ಯಂತ್ರ ನಡೆಸುವವನು ಹಚ್ಚಿದ. ಮ್ಯಾನೇಜರ್ ದೊಡ್ಡ ಉಪಕಾರವೆಂಬಂತೆ ಬಾಟಲಿಯ ನೀರು ತಂದು ರೋಗಿಯ ಬಾಯಿಗೆ ಸುರಿಯಲು ಹೋದ. ಕೈ ತಳ್ಳಿದೆ. ಎಚ್ಚರ ನೆಟ್ಟಗಿಲ್ಲದವನಿಗೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಆಮೇಲೆ ಜ್ವರದ ಗುಳಿಗೆ ತೆಗೆದ. ಈ ಕಾವು ಗುಳಿಗೆಗೆ ಇಳಿಯುವಂಥದ್ದಲ್ಲ ಎಂದು ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

ನೆರಳಿಗೆ ಎಳೆದು ಅಂಗಿ ಬಿಚ್ಚಿಸಿದೆವು. ಯಂತ್ರದ ಪಕ್ಕದ ಡ್ರಮ್ಮುಗಳನ್ನು ತೋರಿಸಿ ನೀರು ತರಲು ಹೇಳಿದೆ.

“ಆ ನೀರು ಮಷೀನಿಂದ್ರಿ. ಅದಿಲ್ಲಂದ್ರ ಬ್ಲೇಡ್ ಕಾಯ್ತದ” ಎಂದ ಮ್ಯಾನೇಜರ್.

ಹೆಂಗಸರೇ ಕೊಡ ತುಂಬಿ ತಂದು ರೋಗಿಯ ತಲೆ, ಎದೆ, ಕಾಲುಗಳ ಮೇಲೆ ಸುರಿದರು. ಇಬ್ಬರು ಸಿಮೆಂಟಿನ ಖಾಲಿ ಚೀಲ ಹಿಡಿದು ಗಾಳಿ ಬೀಸಿದರು. ನಾನು ಲಸಿಕೆ ಪೆಟ್ಟಿಗೆಯ ಐಸ್ ಪ್ಯಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಅವನ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಇಟ್ಟೆ. ಉಳಿದ ಲಸಿಕೆ ಕೆಟ್ಟಿತು, ಕೆಡಲಿ. ವಾಂತಿಯಾದಾಗ ಮಗ್ಗುಲಿಗೆ ಹೊರಳಿಸಿದೆವು. ಆಂಬುಲೆನ್ಸ್ ಬರುವವರೆಗೂ ನೀರು ನಿಲ್ಲಿಸಲಿಲ್ಲ. ಸ್ಟ್ರೆಚರಿಗೆ ಎತ್ತುವಾಗ ಅವನು ಕಣ್ಣು ಬಿಟ್ಟು ಹೆಂಡತಿ ಎಲ್ಲಿ ಎಂದು ಕೇಳಿದ. ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ದಾರಿಯುದ್ದಕ್ಕೂ ಅದನ್ನು ತೆಗೆಯಬೇಡಿ ಎಂದು ಆಂಬುಲೆನ್ಸಿನವರಿಗೆ ಹೇಳಿ ಕಳಿಸಿದೆ.

ಹೆಂಗಸು ಸಂಜೆಯೊಳಗೆ ಸುಧಾರಿಸಿದಳು. ಮರುದಿನ ಕೆಲಸಕ್ಕೆ ಬರಬೇಡ ಎಂದಿದ್ದೆ, ಬರಲಿಲ್ಲ. ಗಂಡಸಿನ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಬದುಕಿ ಬಂದ. ಈಗ ಚಿತ್ತಾಪುರದಲ್ಲಿ ಮೈದುನನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ, ಕಲ್ಲು ಮುಟ್ಟುವುದಿಲ್ಲ.

ವಿಚಾರಿಸಲು ಕಾರ್ಮಿಕ ಇಲಾಖೆಯ ಅಧಿಕಾರಿ ಬಂದಾಗ ಮ್ಯಾನೇಜರ್ ಮಜ್ಜಿಗೆ ತರಿಸಿದ. “ನೋಡಿದ ಕೂಡ್ಲೆ ನಂಗ ಗೊತ್ತಾಯ್ತು ಸಾಹೇಬ್ರ. ನಾನ ನೀರ ಹಾಕಸ್ದೆ” ಎಂದ. ಅಂಗಿಗೆ ಒಂದು ಹನಿಯೂ ಸಿಡಿಯದವನ ಮಾತು ಇದು.

“ಇವ್ರು ಕುಡದಾನ ಅಂದಿದ್ರು ಸಾಹೇಬ್ರ” ಎಂದಳು ಅಂದು ಕೊಡ ಹೊತ್ತಿದ್ದ ಒಬ್ಬ ಮುದುಕಿ.

ಅಧಿಕಾರಿ ಮಜ್ಜಿಗೆ ಲೋಟ ಕೆಳಗಿಟ್ಟರು. ಅವರ ಆದೇಶದಂತೆ ಮಧ್ಯಾಹ್ನದ ಕೆಲಸ ಬೇಸಿಗೆ ಮುಗಿಯುವವರೆಗೆ ನಿಂತಿತು. ಈಗ ಅಲ್ಲಿ ಯಾರಾದರೂ ತೂರಾಡಿದರೆ ಹೆಂಗಸರು ಮೊದಲು ಹೆಸರು, ಊರು ಕೇಳುತ್ತಾರೆ. ಮ್ಯಾನೇಜರನನ್ನು ಏನೂ ಕೇಳುವುದಿಲ್ಲ.